ಯಾವ ‘ಮುಚ್ಚಿ’ಗೆ ಮುಚ್ಚಲಿ?

ಪುರಾಣದಲ್ಲಿ ದೇವಿ ಸ್ವಾಮಿಯ ಕಣ್ಣುಗಳನ್ನು ಮುಚ್ಚಿದ್ದು ಒಂದೇ ಸಲ. ನಾನು ಬರೆದ ಒಂದು ವಾಕ್ಯದಲ್ಲಿ ಮುಚ್ಚುವ ಕೆಲಸ ನಾಲ್ಕು ಸಲ ನಡೆದಿತ್ತು. ಅದನ್ನು ಎಣಿಸಿ ಹೇಳಿದವರು ಪಂಡಿತರಲ್ಲ. ಶಿವಾಜಿನಗರದಿಂದ ಬಾಡಿಗೆಯ ದೀಪಗಳನ್ನು ಆಟೋದಲ್ಲಿ ಹೇರಿಕೊಂಡು ಬರುತ್ತಿದ್ದ ಒಬ್ಬ ಲೈಟಿನವರು. ಮೂವತ್ತೈದು ವರ್ಷ ದಂಡುಪ್ರದೇಶದ ಶಾಲೆಯೊಂದರಲ್ಲಿ ಕನ್ನಡ ಮತ್ತು ಸಂಸ್ಕೃತಗಳನ್ನು ಕಲಿಸಿ, ಸಾವಿರಾರು ಮಕ್ಕಳ ವಾಕ್ಯದೋಷಗಳಿಗೆ ಕೆಂಪು ಶಾಯಿ ಸುರಿಸಿದ ನನಗೆ, ಆ ಮನುಷ್ಯ ಏಣಿಯ ಮೇಲೆ ಕುಳಿತು ಹೇಳಿದ ತಿದ್ದುಪಡಿಯನ್ನು ಅರಗಿಸಿಕೊಳ್ಳಲು ಹದಿನೈದು ದಿನ ಹಿಡಿಯಿತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಿವೃತ್ತನಾಗಿ ಹಲಸೂರಿನ ಮನೆಯಲ್ಲಿ ಬೆಳಗಿನ ಪೂಜೆ, ಸಂಜೆಯ ದೇವಸ್ಥಾನ, ನಡುವೆ ಪತ್ರಿಕೆಗಳ ಸಂಪಾದಕರಿಗೆ ಭಾಷಾಶುದ್ಧಿಯ ಬಗ್ಗೆ ಕಾಗದ, ಹೀಗೆ ಲೋಕೋಪಕಾರ ಮಾಡಿಕೊಂಡಿದ್ದೆ. ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿ ಬಂದಳು. ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಷಟ್ಪದಿಯ ಮಾತ್ರೆಗಳನ್ನು ಬರೆದು ಎಣಿಸುವ ಬದಲು ಬೆಂಚಿನ ಮೇಲೆ ಬೆರಳಿನಿಂದ ತಟ್ಟಿ ಸರಿಯುತ್ತರ ಹೇಳುತ್ತಿದ್ದ ಹುಡುಗಿ ಅವಳು. ಈಗ ಐವತ್ತು ಸಮೀಪಿಸಿದ ನೃತ್ಯಶಿಕ್ಷಕಿ. ಇಂದಿರಾನಗರದ ತನ್ನ ಮನೆಯ ಹಿಂದಿನ ಶೀಟಿನ ಹಜಾರದಲ್ಲಿ ನಲವತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದವಳು ಏಳುವಾಗ ಗೋಡೆ ಹಿಡಿದಳು.

“ಮಂಡಿ ಹೋಯ್ತು ಮೇಷ್ಟ್ರೇ,” ಎಂದಳು, ಕೊಡೆ ಕಳೆದುಹೋಯಿತು ಎನ್ನುವಷ್ಟು ಸಲೀಸಾಗಿ. “ಡಾಕ್ಟ್ರು ಇನ್ನು ಅರೆಮಂಡಿ ಕೂರ್ಲೇಬಾರ್ದು ಅಂದಿದಾರೆ. ಒಂದೇ ಒಂದ್ಸಲ ದೇವಿ ಪಾತ್ರ ಮಾಡಿ, ಆಮೇಲೆ ಗೆಜ್ಜೆ ಬಿಚ್ಚಿಡ್ತೀನಿ. ನಮ್ಮ ಗುರುಗಳ ಪುಸ್ತಕ ಇದೆಯಲ್ಲ, ಅದನ್ನ ಈಗಿನ ಸ್ಟೇಜಿಗೆ ಆಗೋ ಹಾಗೆ ಬರ್ಕೊಡಿ. ಒಂದೂಕಾಲು ಗಂಟೆ. ಅದರಲ್ಲಿ ಕೂತು ಅಭಿನಯ ಮಾಡೋ ಹಾಡು, ಆ ಒಂದು ಪದ ಮಾತ್ರ ನನಗೆ ಪೂರ್ತಿ ಬೇಕು. ಮಿಕ್ಕಿದ್ದು ನೀವು ಏನಾದ್ರೂ ಮಾಡ್ಕೊಳಿ.”

ಈ ಕೊನೆಯ ಎರಡು ಮಾತುಗಳನ್ನೂ ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ನನಗೆ ಕೇಳಿಸಿದ್ದು ‘ಏನಾದ್ರೂ ಮಾಡ್ಕೊಳಿ’ ಎಂಬುದಷ್ಟೇ.

ಅವಳ ಗುರುಗಳ ಆ ಪುಸ್ತಕ ಕೈಬರಹದ ದಪ್ಪ ನೋಟುಪುಸ್ತಕ; ಮೂರು ಸಂಜೆ ಆಡುತ್ತಿದ್ದ ಒಂದು ನೃತ್ಯನಾಟಕದ ಪ್ರತಿ. ಕಥೆ ಸಣ್ಣದು. ಕೈಲಾಸದಲ್ಲಿ ದೇವಿ ವಿನೋದಕ್ಕೆಂದು ಹಿಂದಿನಿಂದ ಬಂದು ಸ್ವಾಮಿಯ ಕಣ್ಣುಗಳನ್ನು ಮುಚ್ಚುತ್ತಾಳೆ. ಅವು ಸೂರ್ಯಚಂದ್ರರೇ ಆದ ಕಣ್ಣುಗಳಾದ್ದರಿಂದ ಮೂರು ಲೋಕಗಳೂ ಕತ್ತಲಾಗುತ್ತವೆ. ಕೈ ತೆಗೆದ ಮೇಲೆ ತಾನು ಮಾಡಿದ್ದೇನೆಂದು ಅರಿತು, ಕುಸಿದು ಕುಳಿತು ಪರಿತಪಿಸಿ, ಭೂಮಿಗಿಳಿದು ತಪಸ್ಸು ಮಾಡಿ ಸ್ವಾಮಿಯನ್ನು ಮತ್ತೆ ಸೇರುತ್ತಾಳೆ. ಇಷ್ಟಕ್ಕೆ ಮೂರು ಸಂಜೆ ಹೇಗೆ ಬೇಕಾಗುತ್ತಿತ್ತೆಂದರೆ, ಪ್ರತಿ ಪಾತ್ರವೂ ಇಬ್ಬರು ಹಿಡಿದ ತೆರೆಯ ಹಿಂದೆ ನಿಂತು, ಮೊದಲು ಜಡೆ, ಆಮೇಲೆ ಪಾದ, ಆಮೇಲೆ ಮುಖ ತೋರಿಸಿ, ತನ್ನ ಪ್ರವೇಶದ ಹಾಡಿಗೆ ಕುಣಿದೇ ಕಥೆಯೊಳಗೆ ಕಾಲಿಡಬೇಕು. ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಭಾಗವತರು ಹೇಳುವ ಗದ್ಯಕ್ಕೆ ಸಂಧಿವಚನವೆಂದು ಹೆಸರು. ಸಂಧಿ ಎಂದರೆ ಕೀಲು. ಕೈಯಲ್ಲಿ ಮೊಣಕೈ ಎಷ್ಟಿರುತ್ತದೆಯೋ ಅಷ್ಟಿರಬೇಕು. ಮೊಣಕೈಯೇ ಕೈಗಿಂತ ಉದ್ದವಾದರೆ ಅದಕ್ಕೆ ರೋಗವೆನ್ನುತ್ತಾರೆ.

ಆ ರೋಗವನ್ನು ನಾನು ಶ್ರದ್ಧೆಯಿಂದ ಬೆಳೆಸಿದೆ. ದಿನವೂ ಸ್ನಾನ ಮಾಡಿ, ವಿಭೂತಿ ಇಟ್ಟು, ಫೂಲ್‌ಸ್ಕ್ಯಾಪ್ ಹಾಳೆಗಳಲ್ಲಿ ನಾಲ್ಕು ಅಂಕಣಗಳ ಗೆರೆ ಎಳೆದು ಬರೆಯತೊಡಗಿದೆ: ಮಾತು, ಹಾಡು, ಚಲನೆ, ಬೆಳಕು. ತಿಂಗಳಾಗುವಷ್ಟರಲ್ಲಿ ಮಾತಿನ ಅಂಕಣ ಗೆರೆ ದಾಟಿ ಹಾಡಿನ ಜಾಗಕ್ಕೆ ನುಗ್ಗಿತ್ತು. ಚಲನೆಯ ಅಂಕಣದಲ್ಲಿ ಪುಟಕ್ಕೊಮ್ಮೆ ‘ಇಲ್ಲಿ ನರ್ತನ’ ಎಂದು ಔದಾರ್ಯದಿಂದ ಬರೆದಿದ್ದೆ. ಬೆಳಕಿನ ಅಂಕಣದಲ್ಲಿದ್ದುದು ಒಂದೇ ಆಜ್ಞೆ: ‘ದೇವಿ ಕಣ್ಣು ಮುಚ್ಚಿದೊಡನೆ ಸಂಪೂರ್ಣ ಅಂಧಕಾರ’. ನಿರೂಪಣೆಯನ್ನು ವೇದಿಕೆಯ ಬಲಬದಿಯಲ್ಲಿ ಮೈಕಿನ ಮುಂದೆ ಕುಳಿತು ನಾನೇ ಓದುವುದೆಂದು, ಯಾರೂ ಕೇಳದಿದ್ದರೂ, ಒಪ್ಪಿಕೊಂಡೆ.

ನನ್ನನ್ನು ಪ್ರೋತ್ಸಾಹಿಸಿದ ಮಹನೀಯರು ಬಡಾವಣೆಯ ಸಾಂಸ್ಕೃತಿಕ ಸಮಿತಿಯ ಕಾರ್ಯದರ್ಶಿಗಳು. ಕಗ್ಗದಾಸಪುರದ ಹಳೆಯ ಒಕ್ಕಲು ಮನೆತನದವರು. ತಾತ ರಾಗಿ ಬೆಳೆದ ನೆಲದಲ್ಲಿ ಮೊಮ್ಮಗ ಮೂರಂತಸ್ತು ಎಬ್ಬಿಸಿ, ಬಾಡಿಗೆಗೆ ಬಿಟ್ಟು, ಉಳಿದ ಸಮಯವನ್ನು ಕಲೆಗೆ ಮೀಸಲಿಟ್ಟಿದ್ದರು. ಸಭಾಂಗಣ ಅವರ ಕೈಯಲ್ಲಿತ್ತು. ಅವರ ಮಗಳು ನಮ್ಮ ನಾಟಕದಲ್ಲಿ ಚಂದ್ರನಾಗಿದ್ದಳು.

“ಮಾತು ಜಾಸ್ತಿ ಇರ್ಲಿ ಸಾರ್,” ಎಂದರು ಅವರು ಮೊದಲ ಭೇಟಿಯಲ್ಲೇ. “ಡ್ಯಾನ್ಸ್ ಮಾಡ್ತಾ ಕೈ ಹಿಂಗೆ ಹಿಂಗೆ ಅಂತಾರೆ, ನಮ್ ಜನಕ್ಕೆ ಏನ್ ಗೊತ್ತಾಗುತ್ತೆ? ಜಿಂಕೆ ಅಂತ ನೀವು ಮೊದ್ಲೇ ಹೇಳ್ಬಿಟ್ರೆ, ಓ ಜಿಂಕೆ ಅಂತ ನೋಡ್ತಾರೆ.”

ಇಂಥ ರಸಿಕರನ್ನು ನಾನು ಅದುವರೆಗೆ ಕಂಡಿರಲಿಲ್ಲವೆಂದು ಸಂತೋಷಪಟ್ಟೆ. ಅವರ ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿತ್ತು.

“ಸ್ವಾಮಿಗೆ ಮೂರು ಕಣ್ಣಲ್ವಾ ಸಾರ್? ದೇವಿ ಎರಡು ಕೈಲಿ ಹೆಂಗೆ ಮುಚ್ತಾರೆ?”

ಹಣೆಗಣ್ಣು ಆಮೇಲೆ, ಲೋಕದ ಮೇಲಿನ ಕರುಣೆಯಿಂದ ತೆರೆದದ್ದೆಂದು ವಿವರಿಸಲು ನಾನು ಎರಡು ಪುಟಗಳ ಸಂಧಿವಚನ ಬರೆದೆ. ನನ್ನ ವಿದ್ಯಾರ್ಥಿನಿ ಅದನ್ನು ಓದಿ, ಬಲಗೈಯ ಬೆರಳುಗಳನ್ನು ಮೊಗ್ಗಿನಂತೆ ಹಣೆಗೆ ತಂದು ಮೆಲ್ಲನೆ ಅರಳಿಸಿದಳು. ಎರಡು ಎಣಿಕೆಯ ಕೆಲಸ. “ಇಷ್ಟೇ ಅಲ್ವಾ ಮೇಷ್ಟ್ರೇ?” ಎಂದಳು. ಇಷ್ಟೇ ಅಲ್ಲ ಎಂದು ನಾನು ವಾದಿಸಿದೆ. ಎರಡು ಪುಟಗಳೂ ಉಳಿದವು.

ಮೊದಲ ಪೂರ್ತಿ ಅಭ್ಯಾಸ ಅವಳ ಶೀಟಿನ ಹಜಾರದಲ್ಲಿ ನಡೆಯಿತು. ನಮ್ಮ ಹಲಸೂರಿನವರೇ ಆದ ಮೃದಂಗದ ವಿದ್ವಾಂಸರು, ತಂಬೂರಿ ಹಿಡಿದ ಗಾಯಕಿ, ತಾಳ ಹಿಡಿದು ‘ತಕಿಟ ತಕಧಿಮಿ’ ಎಂದು ಜತಿ ಹೇಳುವ ಹಿರಿಯ ಶಿಷ್ಯೆ, ಹದಿನಾಲ್ಕು ಮಕ್ಕಳು. ಸ್ವಾಮಿಯ ಪಾತ್ರಕ್ಕೆ ಎಲ್ಲರಿಗಿಂತ ಎತ್ತರದ ಹುಡುಗಿ. ಲೈಟಿನವರು ಎರಡು ದೀಪ, ಬೆಳಕು ಏರಿಸಿ ಇಳಿಸುವ ಒಂದು ಡಿಮ್ಮರ್ ಪೆಟ್ಟಿಗೆ ತಂದು, ಏಣಿಗೆ ಒಂದನ್ನು ಕಟ್ಟಿ, ಅಲ್ಲೇ ಮೇಲೆ ಕುಳಿತಿದ್ದರು. ಮನೆಮಾತು ದಖನಿ, ಬೀದಿಮಾತು ತಮಿಳು. ಆದರೂ ಕನ್ನಡವನ್ನು ಅವರು ನನ್ನ ಹಳೆಯ ವಿದ್ಯಾರ್ಥಿಗಳನೇಕರಿಗಿಂತ ಗಮನವಿಟ್ಟು ಕೇಳುತ್ತಿದ್ದರು.

ಓದಲು ಆರಂಭಿಸಿದೆ. ಪೀಠಿಕೆಗೆ ಹನ್ನೊಂದು ನಿಮಿಷ ಹಿಡಿಯಿತು. ಆ ಹೊತ್ತಿಗೆ ತೆರೆ ಹಿಡಿದಿದ್ದ ಇಬ್ಬರು ಮಕ್ಕಳ ತೋಳು ನಡುಗಿ, ತೆರೆ ಜೋತುಬಿದ್ದು, ಹಿಂದೆ ಸ್ವಾಮಿ ಆಕಳಿಸುತ್ತಿದ್ದುದು ಎಲ್ಲರಿಗೂ ದರ್ಶನವಾಯಿತು.

“ಸಾಮಿ,” ಎಂದರು ಮೃದಂಗದವರು, “ನೀವು ಮುಗಿಸೋದ್ರೊಳಗೆ ನನ್ ಬೋನ ಒಣಗಿ ಶ್ರುತಿ ಏರ್ಬಿಡುತ್ತೆ. ಇನ್ನೊಂದ್ಸಲ ಹಿಟ್ಟು ಕಲಸ್ಬೇಕು.” ಎಡಮುಖಕ್ಕೆ ಮೆತ್ತಿದ್ದ ರವೆಯ ಮುದ್ದೆಯನ್ನು ಅವರು ಒತ್ತಿ ತೋರಿಸಿದಾಗ ಅದು ನಿಜಕ್ಕೂ ಗಟ್ಟಿಯಾಗಿತ್ತು.

ನಾನು ವಿಚಲಿತನಾಗಲಿಲ್ಲ. ಕಥೆಯ ಹೃದಯಕ್ಕೆ ಬಂದೆ. ತಲೆ ಎತ್ತಿ, ಸ್ವರ ತಗ್ಗಿಸಿ, ನನ್ನ ಅಭಿಮಾನದ ಆ ವಾಕ್ಯವನ್ನು ಓದತೊಡಗಿದೆ: “ದೇವಿಯು ಮುಗುಳುನಗೆಯನ್ನು ತುಟಿಯೊಳಗೇ ಮುಚ್ಚಿ, ಕಾಲ್ಗೆಜ್ಜೆಯ ಸದ್ದನ್ನು ಸೆರಗಿನಿಂದ ಮುಚ್ಚಿ, ಹಿಂದಿನಿಂದ ಮೆಲ್ಲನೆ ಬಂದು, ಸೂರ್ಯಚಂದ್ರರೇ ಕಣ್ಣಾದ ಸ್ವಾಮಿಯ ಆ ಕಣ್ಣುಗಳನ್ನು ತನ್ನ ತಳಿರುಗೈಗಳಿಂದ ಮುಚ್ಚಿ, ಮೂರು ಲೋಕಗಳನ್ನೂ ಕತ್ತಲೆಯ ಕಂಬಳಿಯಿಂದ ಮುಚ್ಚಿ, ಆಟವೆಂದು ನಕ್ಕಳು.”

ಕಂಬಳಿಯವರೆಗೆ ಹೋಗಲೇ ಇಲ್ಲ. ಮೊದಲನೆಯ ‘ಮುಚ್ಚಿ’ಗೇ ದೀಪಗಳು ಆರಿದವು. ಕಿಟಕಿಗಳಿಗೆ ಪರದೆ ಕಟ್ಟಿದ್ದರಿಂದ ಹಾಳೆ ಕಾಣದೆ ನಾನು ನಿಂತೆ. ದೀಪ ಬಂತು. ಮತ್ತೆ ಓದಿದೆ. ಈ ಸಲ ಎರಡನೆಯ ‘ಮುಚ್ಚಿ’ಗೆ ಆರಿತು, ದೇವಿ ಇನ್ನೂ ಎಡಬದಿಯಲ್ಲಿದ್ದಳು. ಮೂರನೆಯ ಪ್ರಯತ್ನದಲ್ಲಿ ದೀಪ ಆರಲೇ ಇಲ್ಲ. ದೇವಿ ಕಣ್ಣು ಮುಚ್ಚಿ, ನಕ್ಕು, ನಿಂತಳು. ಮೂರು ಲೋಕಗಳೂ ಝಗಝಗಿಸುತ್ತಿದ್ದವು.

ಏಣಿಯ ಮೇಲಿನಿಂದ ಧ್ವನಿ ಬಂತು. “ಸಾರ್, ತಪ್ಪು ತಿಳ್ಕೋಬೇಡಿ. ನಿಮ್ ಸೆಂಟೆನ್ಸಲ್ಲಿ ನಾಲ್ಕು ‘ಮುಚ್ಚಿ’ ಇದೆ. ಯಾವ ‘ಮುಚ್ಚಿ’ಗೆ ಮುಚ್ಲಿ?”

ಹದಿನಾಲ್ಕು ಮಕ್ಕಳೂ ನಕ್ಕರು. ಮೃದಂಗದವರು ಒಂದು ಪುಟ್ಟ ಮುಕ್ತಾಯ ನುಡಿಸಿದರು. ಕನ್ನಡ ವಾಕ್ಯದಲ್ಲಿ ಪೂರ್ಣಕ್ರಿಯಾಪದ ಕೊನೆಗೇ ಬರುತ್ತದೆಂದೂ, ಅದಕ್ಕೂ ಮೊದಲಿನವೆಲ್ಲ ಅಪೂರ್ಣಕ್ರಿಯೆಗಳೆಂದೂ, ಅವು ಮುಗಿಯದ ಕೆಲಸವನ್ನು ಸೂಚಿಸುತ್ತವೆಂದೂ ನಾನು ಏಣಿಯ ಕಡೆಗೆ ಮುಖಮಾಡಿ ಪಾಠ ಹೇಳಿದೆ.

“ಅದೇ ಸಾರ್ ನಾನ್ ಹೇಳಿದ್ದು,” ಎಂದರು ಅವರು. “ಕೆಲ್ಸ ಮುಗಿಯೋದೇ ಇಲ್ಲ ನಿಮ್ದು.”

ಹೀಗೆ ಸೋತವನನ್ನು ಎತ್ತಲು ಬಂದವರು ಮಗಳ ಜೊತೆಗೆ ಬಂದು ಕುಳಿತಿದ್ದ ಕಾರ್ಯದರ್ಶಿಗಳೇ. “ಲೈಟ್ ಆಫ್ ಮಾಡೋದೇ ಬೇಡ ಬಿಡಿ. ನನ್ ಮಗಳು ಚಂದ್ರ ಆಗಿ ಬರೋದೇ ಆವಾಗ. ಕಮರ್ಷಿಯಲ್ ಸ್ಟ್ರೀಟೆಲ್ಲಾ ಸುತ್ತಿ ಮಿಂಚಿನ ಬಟ್ಟೆ ತಂದಿದೀನಿ. ಕತ್ಲಲ್ಲಿ ಯಾರ್ ನೋಡ್ತಾರೆ ಸಾರ್?”

ಲೋಕದ ಕಣ್ಣೇ ಮುಚ್ಚಿದ ಪ್ರಳಯಸಮಾನ ಗಳಿಗೆಯಲ್ಲಿ ಚಂದ್ರನು ಚಮಕಿ ಬಟ್ಟೆಯಲ್ಲಿ ಮಿಂಚಬೇಕೆಂಬ ಈ ವಾದವನ್ನು ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಣಕಿಸಿದೆ. ಆಮೇಲೆ ತಿಳಿಯಿತು, ಕಾರಣ ಏನೇ ಇರಲಿ, ವೇದಿಕೆಯ ದೀಪದ ವಿಷಯದಲ್ಲಿ ಅವರು ಸರಿ, ನಾನು ತಪ್ಪು. ದೀಪ ಆರಿಸಿದರೆ ಕುಣಿಯುವವರೂ ಕಾಣುವುದಿಲ್ಲ. ಕತ್ತಲೆಯನ್ನು ನೋಡಬೇಕಾದರೆ ಕತ್ತಲೆಯಲ್ಲಿ ತಡವರಿಸುವವರು ಕಾಣಬೇಕು. ಪಂಜಿನ ಬೆಳಕಿನಲ್ಲಿ ಆಡುತ್ತಿದ್ದ ಹಳಬರಿಗೆ ಬೆಳಕನ್ನು ಆರಿಸುವ ಅನುಕೂಲವೇ ಇರಲಿಲ್ಲ. ಕಣ್ಣು ತೆರೆದೇ ಕುರುಡರಂತೆ ಹೆಜ್ಜೆ ಹಾಕಿ, ಚಾಚಿದ ಬೆರಳ ತುದಿಯಿಂದ ಅವರು ಕತ್ತಲೆ ಮಾಡುತ್ತಿದ್ದರು.

ಅಂದು ಎಲ್ಲರೂ ಹೋದ ಮೇಲೆ, ನಾನು ಹೊರಡುವ ಮುನ್ನ, ಗಡಿಯಾರದ ಲೆಕ್ಕ ಹೇಳಿದ್ದು ನನ್ನ ವಿದ್ಯಾರ್ಥಿನಿ. ಒಟ್ಟು ಎರಡು ಗಂಟೆ ನಲವತ್ತು ನಿಮಿಷ. ಅದರಲ್ಲಿ ನನ್ನ ಮಾತು ಐವತ್ತೆಂಟು ನಿಮಿಷ.

“ಹಾಡು ಕಡಿಮೆ ಮಾಡಬಹುದಲ್ಲ?” ಎಂದೆ.

ಅವಳು ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕುಳಿತಿದ್ದಳು. ತಾನು ಕೇಳಿದ್ದ ಆ ಒಂದು ಪದವನ್ನು ಕುಳಿತಲ್ಲೇ ಮೆಲ್ಲಗೆ ಹಾಡಿದಳು: ‘ಆಟವೆಂದೆಣಿಸಿದೆನಯ್ಯ, ನಿನ್ನ ನೋಟವೇ ಲೋಕವೆಂದರಿಯದೆ.’ ಚೌಕಕಾಲದ, ಎಂದರೆ ನಿಧಾನಗತಿಯ, ಆದಿತಾಳದಲ್ಲಿ ಈ ಸಾಲಿಗೆ ಎರಡು ಆವರ್ತ, ತಾಳದ ಎರಡು ಸುತ್ತು. ಅದನ್ನು ಏಳು ಸಲ ಹಾಡುತ್ತಾರೆ. ಮಾತು ಅದೇ, ಪ್ರತಿ ಸಲ ಅಭಿನಯ ಬೇರೆ. ಒಮ್ಮೆ ಆಟ, ಒಮ್ಮೆ ಗೂಡು ತಪ್ಪಿದ ಹಕ್ಕಿ, ಒಮ್ಮೆ ಹಾಲೂಡುವ ತಾಯಿಗೆ ಕೂಸಿನ ಮುಖ ಕಾಣದಾಗುವುದು, ಕೊನೆಯ ಸಲ ಬೇರೇನೂ ಇಲ್ಲ, ದೇವಿ ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತಾಳೆ. ಇದಕ್ಕೆ ಸಂಚಾರಿ ಎನ್ನುತ್ತಾರೆ. ಒಂದೇ ಸಾಲಿನಲ್ಲಿ ಮನಸ್ಸು ಸಂಚರಿಸುವುದು. ಎಲ್ಲ ಸೇರಿ ಮೂರು ನಿಮಿಷ. ಅದಕ್ಕೆ ಮೊದಲು ನಾನು ಒಂದೂವರೆ ಪುಟದಲ್ಲಿ ಹಕ್ಕಿಯನ್ನೂ, ಗೂಡನ್ನೂ, ತಾಯಿಯನ್ನೂ, ಕೂಸನ್ನೂ, ಅಂಗೈಯನ್ನೂ ಉಪಮೆಗಳ ಸಹಿತ ಹೇಳಿ ಮುಗಿಸಿದ್ದೆ.

“ಮೇಷ್ಟ್ರೇ, ಬೈಬೇಡಿ,” ಎಂದಳು. “ನೀವು ಎಲ್ಲಾ ಹೇಳಿಬಿಟ್ಮೇಲೆ ನಾನು ಮಾಡೋದು ಎಂಜಲು.”

ಎದ್ದು ಬಂದುಬಿಟ್ಟೆ. ಎಂಜಲು! ನನ್ನ ಮನೆಯಲ್ಲಿ ನೈವೇದ್ಯಕ್ಕೆ ಮುನ್ನ ಉಪ್ಪು ಸಾಲದೋ ಎಂದು ಕೂಡ ಯಾರೂ ನಾಲಿಗೆಗೆ ತಾಗಿಸುವುದಿಲ್ಲ. ಅರವತ್ತೈದು ವರ್ಷ ಮಡಿ ಮೈಲಿಗೆ ನೋಡಿಕೊಂಡು ಬಂದವನಿಗೆ ನಾನು ಕಲಿಸಿದ ಹುಡುಗಿಯೇ ಹೇಳುತ್ತಾಳೆ, ದೇವರ ಮುಂದಿಡಬೇಕಾದ್ದನ್ನು ನೀವು ಮೊದಲೇ ಜಗಿದಿದ್ದೀರಿ ಎಂದು! ಒಂದು ವಾರ ಇಂದಿರಾನಗರದ ಕಡೆ ಹೋಗಲಿಲ್ಲ. ಗೃಹಿಣಿಯ ಹತ್ತಿರ ಈಗಿನ ಕಾಲದವರ ಅವಿನಯದ ಬಗ್ಗೆ ದೂರಿದೆ. ಅವಳು ಅಕ್ಕಿ ಆರಿಸುತ್ತಾ ಪೂರ್ತಿ ಕೇಳಿ, “ನನಗೂ ನೀವು ಪತ್ರಿಕೆ ಓದಿ ಹೇಳಿದ್ಮೇಲೆ ಮತ್ತೆ ಓದಕ್ಕೆ ಮನಸ್ಸೇ ಬರಲ್ಲ,” ಎಂದಳು.

ಆ ವಾರ ನಮ್ಮ ಬೀದಿಯ ಶಿವಾಲಯದಲ್ಲಿ ಸಂಜೆಯ ನೈವೇದ್ಯದ ಹೊತ್ತಿಗೆ ಅರ್ಚಕರು ಎಂದಿನಂತೆ ಗರ್ಭಗುಡಿಯ ಪರದೆ ಎಳೆದರು. ಒಳಗೆ ಗಂಟೆಯ ಸದ್ದಷ್ಟೇ. ಹೊರಗೆ ಹತ್ತಾರು ಜನ ಸುಮ್ಮನೆ ನಿಂತಿದ್ದೆವು. ಒಳಗೆ ಏನು ನಡೆಯುತ್ತಿದೆಯೆಂದು ಯಾರೂ ನಮಗೆ ವಿವರಿಸಲಿಲ್ಲ. ವಿವರಿಸಿದ್ದರೆ ನಾನೇ ಮೊದಲು ಗದರುತ್ತಿದ್ದೆ. ಪಕ್ಕದಲ್ಲಿ ನಿಂತ ಮುದುಕಿಯೊಬ್ಬರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಪರದೆ ಸರಿಯುವವರೆಗೆ ನಾನು ಜಪ ಮಾಡಬೇಕಾಗಿತ್ತು. ಮಾಡಿದ್ದು ಪುಟಗಳ ಎಣಿಕೆ.

ಮರುದಿನ ಹೋದೆ. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಕೆಂಪು ಶಾಯಿಯ ಪೆನ್ನು ತೆಗೆದುಕೊಂಡು ಹೋದೆ. ಅವಳಿಗೆ ಅರ್ಥವಾಯಿತು.

ಆ ಮೇಲಿನ ಹತ್ತು ದಿನ ನಾವಿಬ್ಬರೂ ಮಾಡಿದ ಕೆಲಸವನ್ನು ಮೊದಲೇ ಮಾಡಿದ್ದರೆ ಒಂದು ರೀಮು ಕಾಗದ ಉಳಿಯುತ್ತಿತ್ತು. ಅವಳು ಒಂದೊಂದು ಸಂಧಿವಚನಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಇದನ್ನು ಕೈ ಹೇಳುತ್ತದೆಯೇ? ಹೇಳುವುದಾದರೆ ಆ ಸಾಲಿಗೆ ಕೆಂಪು ಗೆರೆ. ಕೈ ಹೇಳದಿದ್ದರೆ ರಾಗ ಹೇಳುತ್ತದೆಯೇ? ಬೆಳಗಾಯಿತೆಂದು ನಾನು ಹದಿನಾಲ್ಕು ಸಾಲು ಬರೆದಿದ್ದಲ್ಲಿ ಗಾಯಕಿ ಭೂಪಾಳದ ನಾಲ್ಕು ಸ್ವರ ಎಳೆದಳು, ಬೆಳಗಾಯಿತು. ಕೈಯೂ ರಾಗವೂ ಹೇಳಲಾರದ್ದು ಕೆಲವೇ: ಜಾಗ ಬದಲಾದದ್ದು, ವರ್ಷಗಳು ಕಳೆದದ್ದು, ತಪಸ್ಸಿಗೆ ಭೂಮಿಯೇ ಯಾಕೆಂಬುದು. ಅವಷ್ಟೇ ನನ್ನ ಪಾಲು. ಪ್ರವೇಶದ ಹಾಡುಗಳಲ್ಲಿ ಸ್ವಾಮಿ, ದೇವಿ ಇಬ್ಬರದು ಮಾತ್ರ ಉಳಿಸಿ, ಸಖಿಯರನ್ನು ಒಂದೇ ಜತಿಯಲ್ಲಿ ಒಟ್ಟಿಗೆ ಕರೆತಂದೆವು. ಸಾಹಿತ್ಯ ಹಾಡುತ್ತಿರುವಾಗ ನಾನು ಬಾಯಿ ತೆರೆಯಕೂಡದು. ಎರಡು ಮಾತುಗಳು ಒಂದರ ಮೇಲೊಂದು ಬಿದ್ದರೆ ಎರಡೂ ಸಾಯುತ್ತವೆ. ತಂಬೂರಿ ಮಾತ್ರ ಇರುವಾಗ ಓದಬೇಕು, ಅದೂ ಅದರ ಷಡ್ಜಕ್ಕೆ ಧ್ವನಿ ಇಳಿಸಿ ನಿಲ್ಲಿಸಬೇಕು. ಇಲ್ಲದಿದ್ದರೆ ಗಾಯಕಿ ನನ್ನ ಅಪಸ್ವರದಿಂದ ಹಾಡು ಎತ್ತಬೇಕಾಗುತ್ತದೆ. ಹಾಡಿನ ಎತ್ತುಗಡೆ ತಾಳದ ಮೊದಲ ಪೆಟ್ಟಿನಿಂದ ಅರ್ಧ ಎಣಿಕೆ ತಡವಾಗಿದ್ದರೆ, ನನ್ನ ಕೊನೆಯ ಅಕ್ಷರ ಆ ಪೆಟ್ಟಿಗೇ ಮುಗಿದಿರಬೇಕು. ಮೃದಂಗದವರು ನನ್ನೆದುರು ಕುಳಿತು ತೊಡೆಯ ಮೇಲೆ ತಾಳ ಹಾಕಿ ನನಗೆ ಓದಲು ಕಲಿಸಿದರು. ಈ ವಯಸ್ಸಿನಲ್ಲಿ ತಪ್ಪಿದಾಗಲೆಲ್ಲ “ಇನ್ನೊಮ್ಮೆ ಸಾಮಿ” ಎನಿಸಿಕೊಂಡೆ.

ನನ್ನ ಅಭಿಮಾನದ ವಾಕ್ಯ ಪೂರ್ತಿ ಹೋಯಿತು. ಅದರ ಜಾಗದಲ್ಲಿ ಮಾತಿಲ್ಲ, ಹಾಡಿಲ್ಲ, ಮೃದಂಗವೂ ಇಲ್ಲ. ಮೃದಂಗ ನಿಂತದ್ದೇ ಲೈಟಿನವರಿಗೆ ಸೂಚನೆ. “ಕತ್ಲೆ ಅಂದ್ರೆ ಆಫ್ ಅಲ್ಲ ಸಾರ್, ನೀಲಿ,” ಎಂದು ಅವರು ನೀಲಿ ಕಾಗದ ಹಾಕಿ ಡಿಮ್ಮರ್ ಮೆಲ್ಲಗೆ ಇಳಿಸಿ ತೋರಿಸಿದಾಗ, ಶೀಟಿನ ಹಜಾರದಲ್ಲೇ ಮೈ ಜುಮ್ಮೆಂದಿತು. ನೀಲಿಯಲ್ಲಿ ಚಂದ್ರನ ಚಮಕಿ ಬಟ್ಟೆ ಬೂದಿಯಂತೆ ಕಂಡಿತು. ಕಾರ್ಯದರ್ಶಿಗಳಿಗೆ ಅದನ್ನು ಹೇಳಲಿಲ್ಲ.

ಒಂದೇ ಒಂದು ಕಡೆ ಮಾತು ಬೇಕೆಂದು ಅವಳೇ ಕೇಳಿದಳು. ಪದ ಮುಗಿದ ಮೇಲೆ ಅವಳು ನೆಲದಿಂದ ಏಳಬೇಕು. “ಒಂದಾವರ್ತ ಕೊಡಿ ಮೇಷ್ಟ್ರೇ. ಜನ ನಿಮ್ಮನ್ನ ಕೇಳ್ತಿರ್ಲಿ, ನನ್ನ ಮಂಡಿ ನೋಡೋದು ಬೇಡ. ನೀವು ‘ನಡೆದಳು’ ಅಂದಾಗ ನಾನು ನಿಂತಿರ್ತೀನಿ, ಮೃದಂಗ ಎತ್ಕೊಳುತ್ತೆ, ಲೈಟು ಬಿಳಿಯಾಗುತ್ತೆ.” ಹಾಗೆ ಹುಟ್ಟಿತು ನನ್ನ ಜೀವನದ ಅತ್ಯಂತ ಚಿಕ್ಕ ವಾಕ್ಯ: ‘ದೇವಿ ಎದ್ದು, ತಪಸ್ಸಿಗೆಂದು ಭೂಮಿಯತ್ತ ನಡೆದಳು.’ ಒಂದೇ ಪೂರ್ಣಕ್ರಿಯಾಪದ. ಲೈಟಿನವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಒಟ್ಟು ಎಪ್ಪತ್ತನಾಲ್ಕು ನಿಮಿಷ. ನನ್ನ ಮಾತು ಒಂಬತ್ತು.

ಕಾರ್ಯದರ್ಶಿಗಳು ಇದನ್ನು ವೈಯಕ್ತಿಕ ನಷ್ಟವೆಂದು ಭಾವಿಸಿದರು. “ಏನ್ ಸಾರ್, ನಿಮ್ಮಂಥ ವಿದ್ವಾಂಸ್ರನ್ನ ಒಂಬತ್ತು ನಿಮಿಷಕ್ಕೆ ಇಳಿಸ್ಬಿಟ್ರಲ್ಲ!” ನನ್ನ ಎದೆಯೊಳಗಿನ ಮಾತನ್ನೇ ಅವರು ಆಡಿದ್ದರಿಂದ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ದೀಪ ಬೆಳಗುವುದು, ಹಾರ, ಶಾಲು, ಗಣ್ಯರು ಕಲೆಯ ಬಗ್ಗೆ ತಮಗೇನೂ ತಿಳಿಯದೆಂದು ಅರ್ಧ ಗಂಟೆ ಸಾಬೀತುಪಡಿಸುವುದು, ಎಲ್ಲ ಮುಗಿದು ತೆರೆ ಸರಿಯಿತು. ಎಲ್ಲವೂ ತಾಳಕ್ಕೆ ಸರಿಯಾಗಿ ಸಾಗಿ, ಆ ಗಳಿಗೆ ಬಂತು. ದೇವಿ ಹಿಂದಿನಿಂದ ಬಂದಳು. ಕೈಗಳು ಕಣ್ಣಿನ ಮೇಲೆ ಕುಳಿತವು. ಮೃದಂಗ ನಿಂತಿತು. ಬೆಳಕು ನೀಲಿಗೆ ಇಳಿಯಿತು. ಮೌನ.

ಅಷ್ಟರಲ್ಲಿ ಪಕ್ಕದ ಪರದೆಯಿಂದ ಕಾರ್ಯದರ್ಶಿಗಳು ಬಗ್ಗಿಕೊಂಡು ಓಡಿಬಂದರು. “ಸಾರ್, ಸಾರ್! ಮರ್ತ್‌ಬಿಟ್ರಾ? ಓದಿ ಸಾರ್, ಜನ ನೋಡ್ತಿದಾರೆ!”

“ನೋಡಲಿ ಅಂತಲೇ,” ಎಂದು ಪಿಸುಗುಟ್ಟಿ, ಅವರ ಮಾತು ಹೊರಗೆ ಹೋಗದಂತೆ ಮೈಕನ್ನು ಅಂಗೈಯಿಂದ ಮುಚ್ಚಿದೆ. ಆ ವರ್ಷ ನಾನು ಪೂರ್ಣಗೊಳಿಸಿದ ಮುಚ್ಚುವ ಕ್ರಿಯೆ ಅದೊಂದೇ.

ನೀಲಿಯಲ್ಲಿ ಮಕ್ಕಳು ತಡವರಿಸಿದರು. ಸೂರ್ಯಚಂದ್ರರು ಒಬ್ಬರನ್ನೊಬ್ಬರು ಹುಡುಕಿದರು. ದೇವಿ ಕೈ ತೆಗೆದು, ಕುಸಿದು ಕುಳಿತಳು. ಪದ ಆರಂಭವಾಯಿತು. ಮೊದಲ ಸಲಕ್ಕೆ ಮುಂದಿನ ಸಾಲಿನ ಯಾರೋ ಕೆಮ್ಮಿದರು. ಮೂರನೆಯ ಸಲಕ್ಕೆ ಕೆಮ್ಮಿಲ್ಲ. ಕೂಸಿನ ಮುಖವನ್ನು ಹುಡುಕುವ ಬೆರಳುಗಳು ಗಾಳಿಯಲ್ಲಿ ಕೆನ್ನೆಯೊಂದನ್ನು ಕಂಡುಕೊಂಡಾಗ, ನನ್ನ ಒಂದೂವರೆ ಪುಟ ನೆನಪಾಗಿ ನಾಚಿಕೆಯಾಯಿತು. ಏಳನೆಯ ಸಲ ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಅಷ್ಟೇ. ಹಿಂದೊಮ್ಮೆ ನನ್ನ ತರಗತಿಯಲ್ಲಿ ಆ ಕೈಗಳೇ ಬೆಂಚಿನ ಮೇಲೆ ಮಾತ್ರೆ ತಟ್ಟುತ್ತಿದ್ದವು.

ಹಾಡು ನಿಂತಿತು. ತಂಬೂರಿ ಮಾತ್ರ. ನನ್ನ ಸರದಿ.

“ದೇವಿ ಎದ್ದು...” ಎಂದೆ.

ದೇವಿ ಏಳಲಿಲ್ಲ. ಎಡಗೈ ನೆಲಕ್ಕೆ ಊರಿದಳು. ಭುಜ ಎತ್ತಿತು, ಮಂಡಿ ಒಪ್ಪಲಿಲ್ಲ. ಮುಖದಲ್ಲಿ ದೇವಿಯೇ ಇದ್ದಳು. ಊರಿದ ಬೆರಳುಗಳು ಮಾತ್ರ ಬೆಳ್ಳಗಾಗಿದ್ದವು. ನಾನು ‘ನಡೆದಳು’ ಎಂದರೆ ಮೃದಂಗ ಎತ್ತಿಕೊಳ್ಳುತ್ತದೆ, ಬಿಳಿ ಬೆಳಕು ಸುರಿಯುತ್ತದೆ, ಏಳಲಾರದ ಒಬ್ಬ ಹೆಂಗಸನ್ನು ಆರುನೂರು ಜನ ನೋಡುತ್ತಾರೆ. ಅವಳು ಇಷ್ಟು ವರ್ಷ ಕಾಯ್ದುಕೊಂಡ ಘನತೆ ನನ್ನ ಆ ಒಂದು ಮಾತಿನಿಂದ ಹಾಳಾಗುತ್ತದೆ.

ಕ್ರಿಯಾಪದವನ್ನು ತಡೆದೆ.

“ಎದ್ದು,” ಎಂದೆ ಮತ್ತೆ, ಷಡ್ಜಕ್ಕೆ ಇಳಿಯದೆ, ಧ್ವನಿಯನ್ನು ಪಂಚಮದ ಆಸುಪಾಸಿನಲ್ಲೇ ತೂಗಿಟ್ಟು, “ಏಳಲಾರದೆ, ತಾನು ಕತ್ತಲಾಗಿಸಿದ ಲೋಕದ ಭಾರವೆಲ್ಲ ತನ್ನ ಕಾಲಿಗೇ ಇಳಿದಂತಾಗಿ, ಸಖಿಯತ್ತ ನೋಡಿ...”

ಮೃದಂಗದವರ ಬೆರಳು ಚರ್ಮದ ಮೇಲೆ ಕಾದಿತ್ತು. ಮೇಲೆ ಎಲ್ಲೋ ಲೈಟಿನವರ ಕೈಯೂ ಕಾದಿತ್ತು. ಸಖಿಯ ಪಾತ್ರದ ಹುಡುಗಿ ಹಿಂದಿನ ಸಾಲಿನಲ್ಲಿ ಬೊಂಬೆಯಂತೆ ನಿಂತಿದ್ದಳು.

“ಸಖಿಯತ್ತ ನೋಡಿ,” ಎಂದೆ ಇನ್ನೂ ಸ್ಪಷ್ಟವಾಗಿ, ತರಗತಿಯಲ್ಲಿ ನಿದ್ದೆ ಹೋದವರನ್ನು ಎಬ್ಬಿಸುವ ಧ್ವನಿಯಲ್ಲಿ, “ಅವಳು ಓಡಿಬಂದು ಚಾಚಿದ ಕೈಯನ್ನು ಹಿಡಿದು...”

ಹುಡುಗಿ ಎಚ್ಚೆತ್ತು ಓಡಿಬಂದಳು. ಮಂಡಿಯೂರಿ ಕೈ ಚಾಚಿದಳು. ದೇವಿ ಹಿಡಿದಳು.

“ಹಿಡಿದ ಕೈಯನ್ನು ಬಿಡದೆ, ಒಮ್ಮೆ ಕೈಲಾಸವನ್ನು ಹಿಂದಿರುಗಿ ನೋಡಿ, ನೋಡಿದ ಕಣ್ಣನ್ನು ಸ್ವಾಮಿಯ ಪಾದಕ್ಕೆ ಇಳಿಸಿ, ಮೆಲ್ಲನೆ ಎದ್ದು, ನಿಂತು,” ಈಗ ಅವಳು ನಿಂತಿದ್ದಳು, “ತಪಸ್ಸಿಗೆಂದು ಭೂಮಿಯತ್ತ ನಡೆದಳು.”

ಮೃದಂಗ ಆ ‘ಳು’ವಿನ ಮೇಲೆಯೇ ಬಿತ್ತು. ಬಿಳಿ ಬೆಳಕು ಬಂತು. ದೇವಿ ನಡೆದಳು. ಕುಂಟಿದ್ದನ್ನು ನಾನು ಬಲ್ಲೆ. ಸಭೆ ಅದನ್ನು ದುಃಖವೆಂದು ತಿಳಿಯಿತು.

ವಂದನಾರ್ಪಣೆಯಲ್ಲಿ ಕಾರ್ಯದರ್ಶಿಗಳು ಚಂದ್ರನ ಪಾತ್ರಧಾರಿಯನ್ನು ಮೂರು ಸಲ ಅಭಿನಂದಿಸಿದರು. ಒಳಗೆ ನನ್ನ ವಿದ್ಯಾರ್ಥಿನಿ ಬೆಂಚಿನ ಮೇಲೆ ಕಾಲು ನೀಡಿ ಕುಳಿತು ಗೆಜ್ಜೆ ಬಿಚ್ಚುತ್ತಿದ್ದಳು. ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ಆ ಸಖಿಯ ಕೈಗಿಟ್ಟಳು. ನನ್ನ ಕಡೆ ತಿರುಗಿ, “ಇಷ್ಟು ವರ್ಷ ನಿಮ್ಮ ವಾಕ್ಯ ಯಾಕೆ ಮುಗಿಯಲ್ಲ ಅಂತ ಇವತ್ತು ಗೊತ್ತಾಯ್ತು ಮೇಷ್ಟ್ರೇ,” ಎಂದಳು. ಹೊಗಳಿಕೆಯೋ ಬೈಗುಳವೋ ನಾನು ವಿಚಾರಿಸಲಿಲ್ಲ.

ಹೊರಗೆ ಲೈಟಿನವರು ದೀಪಗಳನ್ನು ಆಟೋಗೆ ಏರಿಸುತ್ತಿದ್ದರು. “ಸಾರ್,” ಎಂದು ಕೂಗಿದರು, “ಇವತ್ತು ‘ಎದ್ದು’ ಮೂರಿತ್ತು. ಆದ್ರೂ ನಾನ್ ಅಲ್ಲಾಡ್ಲಿಲ್ಲ, ನೋಡಿದ್ರಾ? ‘ಳು’ ಬರೋವರ್ಗೂ ಕಾದೆ.”

ವ್ಯಾಕರಣ ಕಲಿಸಿದ್ದು ವ್ಯರ್ಥವಾಗಲಿಲ್ಲವೆಂದು ಸಂತೋಷವಾಯಿತು. ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಎಲ್ಲಾ ಚೆನ್ನಾಗಿತ್ತು ಸಾರ್. ಆ ಒಂದು ಲೈನ್ ಮಾತ್ರ ಸ್ವಲ್ಪ ಉದ್ದ ಆಯ್ತು.”